ತೆರಿಗೆ ಇಲ್ಲ, ಸರಿ, ರಿಟರ್ನ್?

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಊರುಗಳ ಸುತ್ತಿನ ಹೊಲಗಳಲ್ಲಿ ಮಳೆ ಬಂದರೆ ಕಡಲೆಕಾಯಿ, ಬಾರದಿದ್ದರೆ ಬರ. ಅಲ್ಲಿನ ಸುಮಾರು 13 ಸಾವಿರ ಎಕರೆಯಲ್ಲಿ ಈಗ ಸೌರಫಲಕಗಳು ನಿಂತಿವೆ. 2018ರಲ್ಲಿ ಶುರುವಾದ ಈ ಸೌರ ಪಾರ್ಕು 2019ರ ಕೊನೆಗೆ 2,050 ಮೆಗಾವಾಟಿಗೆ ಬೆಳೆಯಿತು. ರೈತರು ನೆಲವನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ ಎಂಬುದು ಒಪ್ಪಂದ. ಮುಗಿಲು ನೋಡಿ ಬದುಕಿದ್ದವರ ಬ್ಯಾಂಕ್ ಖಾತೆಗೆ ಹೀಗೆ ವರ್ಷವರ್ಷವೂ ಹಣ ಬರತೊಡಗಿತು. ಅದರ ಬೆನ್ನಿಗೇ ಈ ಊರುಗಳಿಗೆ ಅಷ್ಟಾಗಿ ಪರಿಚಯವಿಲ್ಲದ ಇನ್ನೊಂದು ವಿಷಯವೂ ಬಂತು: ಆದಾಯ ತೆರಿಗೆಯ ರಿಟರ್ನ್.

ಹನ್ನೊಂದು ಎಕರೆ ಗುತ್ತಿಗೆಗೆ ಕೊಟ್ಟ ಒಬ್ಬ ರೈತರ ಲೆಕ್ಕವನ್ನೇ ನೋಡಬಹುದು. ವಯಸ್ಸು ಐವತ್ತನಾಲ್ಕು. ಮಗಳು ಮಧುಗಿರಿಯಲ್ಲಿ ಬಿ.ಕಾಂ., ಮಗ ಹದಿನೇಳರ ಹುಡುಗ, ಪಿಯುಸಿ. 2024ರ ಡಿಸೆಂಬರಿನಲ್ಲಿ, ವರಮಾನವಿದ್ದೂ 2023-24ರ ರಿಟರ್ನ್ ಸಲ್ಲಿಸದವರಿಗೆ ಆದಾಯ ತೆರಿಗೆ ಇಲಾಖೆ ದೇಶದಾದ್ಯಂತ ಸಂದೇಶ ಕಳಿಸಿತು. ಈ ಮನೆಗೂ ಒಂದು ಬಂತು. ಪ್ಯಾನ್ ಕಾರ್ಡ್ ಮಾಡಿಸಿದಾಗ ಮಿಂಚಂಚೆ ವಿಳಾಸದ ಜಾಗದಲ್ಲಿ ಸೈಬರ್ ಅಂಗಡಿಯವನು ತನ್ನದನ್ನೇ ಬರೆದಿದ್ದ. ಮೊಬೈಲ್ ನಂಬರು ಮಾತ್ರ ಮಗಳದು. ಹಾಗಾಗಿ ಸಂದೇಶ ಮನೆಯವರ ಕಣ್ಣಿಗೆ ಬಿತ್ತು.

‘ಏಳು ಲಕ್ಷದವರೆಗೆ ತೆರಿಗೆ ಇಲ್ಲ ಅಂತ ಟೀವಿಯಲ್ಲೇ ಹೇಳಿದಾರಲ್ಲಮ್ಮ, ನಮ್ಮದು ಮೂರೂ ಮುಟ್ಟೋದಿಲ್ಲ’ ಎಂದರು ಅಪ್ಪ.

‘ತೆರಿಗೆ ಇಲ್ಲ ಅನ್ನೋದು ನಿಜ ಅಪ್ಪಾ. ರಿಟರ್ನ್ ಬೇಡ ಅಂತ ಯಾರೂ ಹೇಳಿಲ್ಲವಲ್ಲ’ ಎಂದಳು ಮಗಳು.

ತಪ್ಪು ತಿಳಿವಳಿಕೆಯ ಬೇರು ಇರುವುದು ಇಲ್ಲೇ. ಕಾಯ್ದೆಯಲ್ಲಿ ಎರಡು ಗೆರೆಗಳಿವೆ. ಮೊದಲನೆಯದು ಮೂಲ ವಿನಾಯಿತಿಯ ಮಿತಿ. ಹೊಸ ಪದ್ಧತಿಯಲ್ಲಿ 2023-24ರ ವರಮಾನಕ್ಕೆ ಅದು 3 ಲಕ್ಷ ರೂಪಾಯಿ. ಎರಡನೆಯದು ರಿಯಾಯಿತಿಯ ಮಿತಿ, ಅಂದರೆ ಟೀವಿಯಲ್ಲಿ ಹೇಳಿದ 7 ಲಕ್ಷ. ಮೊದಲ ಗೆರೆ ದಾಟಿದವರಿಗೆ ತೆರಿಗೆಯ ಲೆಕ್ಕ ಶುರುವಾಗುತ್ತದೆ. ಎರಡನೆಯದರ ಒಳಗಿದ್ದರೆ ಹಾಗೆ ಬಂದ ತೆರಿಗೆಯನ್ನು ಪೂರ್ತಿ ಬಿಟ್ಟುಕೊಡುತ್ತಾರೆ. ಆದರೆ ಆ ರಿಯಾಯಿತಿಯನ್ನು ಕೇಳುವುದೇ ರಿಟರ್ನಿನಲ್ಲಿ. ಮೂರಕ್ಕೂ ಏಳಕ್ಕೂ ನಡುವೆ ಇರುವವರು ತೆರಿಗೆ ಕಟ್ಟಬೇಕಿಲ್ಲ, ರಿಟರ್ನ್ ಮಾತ್ರ ಸಲ್ಲಿಸಲೇಬೇಕು. ಮುಂದೆ ಈ ಅಂಕಿಗಳು ಬದಲಾದವು. 2025-26ರ ವರಮಾನಕ್ಕೆ ಮೊದಲ ಗೆರೆ 4 ಲಕ್ಷ, ಎರಡನೆಯದು 12 ಲಕ್ಷ. ನಡುವಿನ ಅಂತರ ಹಿಗ್ಗಿದಷ್ಟೂ ಅದರೊಳಗೆ ಸಿಕ್ಕಿಕೊಳ್ಳುವವರೂ ಹೆಚ್ಚುತ್ತಾರೆ.

‘ಮೂರೂ ಮುಟ್ಟೋದಿಲ್ಲ’ ಎಂಬ ಅಪ್ಪನ ಲೆಕ್ಕವಾದರೂ ಸರಿಯೆ? ಆ ವರ್ಷ ಗುತ್ತಿಗೆಯಿಂದ ಬಂದದ್ದು 2,67,000 ರೂಪಾಯಿ. ಅವರ ಹೆಸರಿನ ಠೇವಣಿಗೆ ಬಡ್ಡಿ 28,000. ಒಟ್ಟು 2,95,000. ಉಳಿದ ಮೂರು ಎಕರೆಯ ಕಡಲೆಕಾಯಿಯಿಂದ 45,000 ಬಂದಿತ್ತು; ಅದು ಕೃಷಿ ವರಮಾನ, ತೆರಿಗೆಯಿಲ್ಲ. ಇಷ್ಟೇ ಆಗಿದ್ದರೆ ಮೊತ್ತ ಗೆರೆಯ ಒಳಗೇ ಉಳಿಯುತ್ತಿತ್ತು.

ಮೊದಲ ಪ್ರಶ್ನೆ ಗುತ್ತಿಗೆ ಹಣದ್ದು. ಪಹಣಿಯಲ್ಲಿ ಇವತ್ತಿಗೂ ನಮ್ಮ ಹೆಸರೇ ಇದೆ, ಹೊಲದ ಬಾಡಿಗೆ ಹೊಲದ ಆದಾಯವೇ ಅಲ್ಲವೆ ಎಂದು ಹಲವರು ಕೇಳುತ್ತಾರೆ. ಬಾಡಿಗೆ ಕೃಷಿ ವರಮಾನ ಎನಿಸಿಕೊಳ್ಳಬೇಕಾದರೆ ಆ ನೆಲದಲ್ಲಿ ಬೇಸಾಯ ನಡೆಯುತ್ತಿರಬೇಕು. ಇನ್ನೊಬ್ಬರು ರಾಗಿ ಬೆಳೆಯಲೆಂದು ಗುತ್ತಿಗೆಗೆ ಕೊಟ್ಟರೆ ತೆರಿಗೆಯಿಲ್ಲ. ಫಲಕ ನಿಲ್ಲಿಸಲು ಕೊಟ್ಟರೆ ಅದು ಇತರ ಮೂಲದ ವರಮಾನ, ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ.

ಎರಡನೆಯದು ಮಗನ ಹೆಸರಿನ ಠೇವಣಿ. ‘ಅವನ ಓದಿಗಿರಲಿ’ ಎಂದು ಅಪ್ಪ ಐದು ಲಕ್ಷ ಇಟ್ಟಿದ್ದರು. ಅದಕ್ಕೆ ಬಂದ ಬಡ್ಡಿ 35,500. ಹದಿನೆಂಟು ತುಂಬದ ಮಕ್ಕಳ ಬಡ್ಡಿ, ತಂದೆ ತಾಯಿಯರಲ್ಲಿ ಯಾರ ವರಮಾನ ಹೆಚ್ಚೋ ಅವರ ಲೆಕ್ಕಕ್ಕೆ ಸೇರುತ್ತದೆ. ಹೀಗೆ ಸೇರಿಸುವಾಗ ಒಂದು ಮಗುವಿಗೆ 1,500 ರೂಪಾಯಿ ಬಿಡುವುದು ಹಳೆಯ ಪದ್ಧತಿಯಲ್ಲಿ ಮಾತ್ರ, ಹೊಸ ಪದ್ಧತಿಯಲ್ಲಿ ಇಲ್ಲ. ಪೂರ್ತಿ 35,500 ಕೂಡಿದಾಗ ಅಪ್ಪನ ವರಮಾನ 3,30,500 ಆಯಿತು. ಮಕ್ಕಳ ಹೆಸರಿನಲ್ಲಿ ಹಣವಿಟ್ಟರೆ ತೆರಿಗೆಗೆ ಕಾಣುವುದಿಲ್ಲ ಎಂದು ನಂಬಿರುವ ಪೋಷಕರು ಇದನ್ನು ಗಮನಿಸಬೇಕು. ಹದಿನೆಂಟು ತುಂಬಿದ ಮೇಲೆ ಆ ಬಡ್ಡಿ ಮಗನದೇ ಆಗುತ್ತದೆ.

ಮೂರನೆಯ ಸಂಗತಿ ಅಪ್ಪನಿಗೆ ಸ್ವಲ್ಪವೂ ಗೊತ್ತಿರಲಿಲ್ಲ. ಆಗ ವರ್ಷಕ್ಕೆ 2,40,000 ಮೀರಿದ ನೆಲಬಾಡಿಗೆಗೆ ಶೇಕಡಾ 10ರಷ್ಟನ್ನು ಮೊದಲೇ ಹಿಡಿದು ಇಲಾಖೆಗೆ ಕಟ್ಟುವ ನಿಯಮವಿತ್ತು. ಹಾಗೆ ಅವರ ಹೆಸರಿನಲ್ಲಿ 26,700 ರೂಪಾಯಿ ಟಿಡಿಎಸ್ ಜಮೆಯಾಗಿತ್ತು. 2022ರ ಏಪ್ರಿಲಿನಲ್ಲಿ ಬಂದ ನಿಯಮದ ಪ್ರಕಾರ, ವರ್ಷವೊಂದರಲ್ಲಿ 25 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಟಿಡಿಎಸ್ ಹಿಡಿದಿದ್ದರೆ, ವರಮಾನ ಎಷ್ಟೇ ಕಡಿಮೆಯಿರಲಿ, ರಿಟರ್ನ್ ಕಡ್ಡಾಯ. ಅರವತ್ತು ದಾಟಿದವರಿಗೆ ಈ ಮಿತಿ 50 ಸಾವಿರ. ಮಗನ ಬಡ್ಡಿಯನ್ನು ಲೆಕ್ಕದಿಂದ ಬಿಟ್ಟರೂ ಅಪ್ಪ ರಿಟರ್ನಿನಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಇಲಾಖೆಗೆ ಅವರ ಸುಳಿವು ಸಿಕ್ಕಿದ್ದೂ ಹೀಗೆಯೇ. ಬಾಡಿಗೆ ಕೊಟ್ಟವರೂ ಬ್ಯಾಂಕಿನವರೂ ಪ್ಯಾನ್ ನಂಬರಿನ ಜೊತೆ ವರದಿ ಒಪ್ಪಿಸಿರುತ್ತಾರೆ.

ಬಂದ ಕಾಗದ ಯಾವುದು ಎಂದು ಗುರುತಿಸಿಕೊಳ್ಳುವುದು ಮೊದಲ ಕೆಲಸ. ಮೊಬೈಲಿಗೆ ಬರುವ ಸಂದೇಶ ಬರೀ ಎಚ್ಚರಿಕೆ. incometax.gov.in ತಾಣಕ್ಕೆ ಹೋಗಿ, Pending Actions ಅಡಿಯಲ್ಲಿರುವ Compliance Portal ತೆರೆದು ಉತ್ತರಿಸಬಹುದು. 142(1) ಎಂಬ ಕಲಂ ನಮೂದಾಗಿದ್ದರೆ ಅದು ಕಾಯ್ದೆಯ ನೋಟಿಸು. ಅದರಲ್ಲಿ ಬರೆದ ದಿನದೊಳಗೆ ರಿಟರ್ನ್ ಕೊಡದಿದ್ದರೆ 10 ಸಾವಿರ ರೂಪಾಯಿವರೆಗೆ ದಂಡ ಬೀಳಬಹುದು. ಅಧಿಕಾರಿ ತನ್ನ ಬಳಿಯ ಮಾಹಿತಿಯ ಮೇಲೆಯೇ ತೆರಿಗೆಯನ್ನು ನಿರ್ಧರಿಸಿಬಿಡಬಹುದು. 148ಎ ಎಂದಿದ್ದರೆ ಹಳೆಯ ವರ್ಷದ ಲೆಕ್ಕವನ್ನು ಮತ್ತೆ ತೆರೆಯುವ ಮುನ್ನ ಕೇಳುವ ವಿವರಣೆ. ಅದಕ್ಕೆ ಲೆಕ್ಕ ಪರಿಶೋಧಕರ ನೆರವು ಪಡೆಯುವುದು ಲೇಸು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿದೆ. ಆದರೆ ಅದಕ್ಕೂ ಹಿಂದಿನ ವರ್ಷಗಳ ಲೆಕ್ಕಕ್ಕೆ 1961ರ ಕಾಯ್ದೆಯೇ ಅನ್ವಯಿಸುವುದರಿಂದ ಈ ಕಲಮುಗಳು ಇನ್ನೂ ಕೆಲವು ವರ್ಷ ಕಾಣಿಸಿಕೊಳ್ಳುತ್ತವೆ. ನೋಟಿಸಿನ ಹೆಸರಿನಲ್ಲಿ ಮೋಸ ಮಾಡುವವರೂ ಇದ್ದಾರೆ. ನಿಜವಾದ ನೋಟಿಸಿನ ಮೇಲೆ ಡಿಐಎನ್ ಎಂಬ ಸಂಖ್ಯೆ ಇರುತ್ತದೆ, ಅದನ್ನು ಅದೇ ತಾಣದಲ್ಲಿ ಪರೀಕ್ಷಿಸಬಹುದು. ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತಿ ಹಣ ಕಟ್ಟಬಾರದು.

ಮಗಳು ಎರಡನೆಯದಾಗಿ ಮಾಡಿದ್ದು ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯನ್ನು ಇಳಿಸಿಕೊಂಡು ಪಾಸ್‌ಪುಸ್ತಕದ ಜೊತೆ ಸಾಲುಸಾಲಾಗಿ ತಾಳೆ ನೋಡಿದ್ದು. ಇದನ್ನು ಬಿಟ್ಟು ಉತ್ತರಿಸಬಾರದು. ಅಣ್ಣತಮ್ಮಂದಿರ ಪಾಲಿನ ಬಾಡಿಗೆಯೂ ಒಬ್ಬನ ಪ್ಯಾನ್ ನಂಬರಿನಲ್ಲೇ ಕಾಣಿಸಿಕೊಂಡಿರಬಹುದು. ಒಂದೇ ಬಡ್ಡಿ ಎರಡು ಸಲ ನಮೂದಾಗಿರಬಹುದು. ಅಂಥ ಸಾಲಿನ ಎದುರು, ಇದು ಬೇರೆಯವರಿಗೆ ಸೇರಿದ್ದು ಅಥವಾ ಎರಡು ಸಲ ಬಂದಿದೆ ಎಂದು ತಿಳಿಸಲು ಅಲ್ಲೇ ಅವಕಾಶವಿದೆ. ಈ ಮನೆಯ ಪಟ್ಟಿಯಲ್ಲಿ ಎಲ್ಲವೂ ಸರಿಯಿತ್ತು. ಹಾಗಿರುವಾಗ ‘ತೆರಿಗೆಗೆ ಬರುವ ವರಮಾನವಿಲ್ಲ’ ಎಂದು ಗುರುತು ಹಾಕಿ ಕೈ ತೊಳೆದುಕೊಂಡಿದ್ದರೆ ಅದು ಸುಳ್ಳು ಉತ್ತರವಾಗುತ್ತಿತ್ತು. ಸರಿಯಾದ ಉತ್ತರ ರಿಟರ್ನೇ.

ತಡವಾದ ರಿಟರ್ನಿಗೆ ಆ ವರ್ಷ ಡಿಸೆಂಬರ್ 31 ಕೊನೆಯ ದಿನವಾಗಿತ್ತು; ಅನಂತರ ಅದನ್ನು 2025ರ ಜನವರಿ 15ಕ್ಕೆ ಮುಂದೂಡಿದರು. ಕೃಷಿ ವರಮಾನ 5 ಸಾವಿರ ಮೀರಿದ್ದರಿಂದ ಸುಲಭವಾದ ಒಂದನೇ ನಮೂನೆ ನಡೆಯುವುದಿಲ್ಲ, ಎರಡನೇ ನಮೂನೆ ಬೇಕು. ಕಡಲೆಕಾಯಿಯ 45 ಸಾವಿರವನ್ನು ಅದರಲ್ಲಿ ತೋರಿಸಬೇಕು, ತೆರಿಗೆ ಬೀಳುವುದಿಲ್ಲ. 3,30,500ಕ್ಕೆ ತೆರಿಗೆ 1,525 ರೂಪಾಯಿ. ರಿಯಾಯಿತಿಯಲ್ಲಿ ಅದು ಸೊನ್ನೆಯಾಯಿತು. ತಡ ಮಾಡಿದ್ದಕ್ಕೆ ಶುಲ್ಕ 1,000. ಟಿಡಿಎಸ್ ಆಗಿ ಹಿಡಿದಿದ್ದ 26,700ರಲ್ಲಿ ಅದನ್ನು ಕಳೆದರೆ ವಾಪಸು ಬರಬೇಕಾದ್ದು 25,700 ರೂಪಾಯಿ. ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿಯಿಂದ ದೃಢೀಕರಿಸುವುದನ್ನು ಮರೆತರೆ ರಿಟರ್ನ್ ಸಲ್ಲಿಸಿಯೂ ಸಲ್ಲಿಸದಂತೆಯೇ.

ಕೊನೆಯ ದಿನ ಕಳೆದುಹೋಗಿದ್ದರೆ ಈ ಹಣ ಸಲೀಸಾಗಿ ಕೈಗೆ ಬರುತ್ತಿರಲಿಲ್ಲ. ಆಮೇಲೆ ಸಲ್ಲಿಸುವ ಪರಿಷ್ಕೃತ ‘ಅಪ್‌ಡೇಟೆಡ್’ ರಿಟರ್ನಿನಲ್ಲಿ ಮರುಪಾವತಿ ಕೇಳುವಂತಿಲ್ಲ. ವಿಳಂಬವನ್ನು ಮನ್ನಿಸಿ ಎಂದು ಕಾರಣ ಸಹಿತ ಮೇಲಧಿಕಾರಿಗೆ ಅರ್ಜಿ ಹಾಕಿಕೊಳ್ಳಬೇಕು. ಅದಕ್ಕೂ ಕರನಿರ್ಧಾರಣೆಯ ವರ್ಷ ಮುಗಿದ ಮೇಲೆ ಐದು ವರ್ಷದ ಗಡುವಿದೆ. ಹಿಂದಿನ ವರ್ಷಗಳಲ್ಲಿ ಟಿಡಿಎಸ್ ಹಿಡಿದಿದ್ದು ರಿಟರ್ನ್ ಸಲ್ಲಿಸದವರಿಗೆ ಉಳಿದಿರುವ ದಾರಿ ಇದೇ.

ಹಾಗೆಂದು ನೋಟಿಸು ಬಂದವರೆಲ್ಲ ತಪ್ಪಿತಸ್ಥರೆಂದಲ್ಲ. ಕೊರಟಗೆರೆಯ ಅಡಿಕೆ ಬೆಳೆಗಾರನೊಬ್ಬ ಫಸಲಿನ ಹಣ 11 ಲಕ್ಷವನ್ನು ನಗದಾಗಿ ಉಳಿತಾಯ ಖಾತೆಗೆ ಕಟ್ಟಿದರೂ ಸಂದೇಶ ಬರಬಹುದು. ವರ್ಷದಲ್ಲಿ 10 ಲಕ್ಷ ಮುಟ್ಟಿದ ನಗದು ಜಮೆಯನ್ನು ಬ್ಯಾಂಕು ವರದಿ ಮಾಡಲೇಬೇಕು. ಬೇರೆ ವರಮಾನವಿಲ್ಲದಿದ್ದರೆ ಅವನ ನಂಬಿಕೆ ಸರಿ, ರಿಟರ್ನ್ ಬೇಕಿಲ್ಲ. ಇದು ಕೃಷಿಯ ಹಣ ಎಂದು ಉತ್ತರಿಸಿದರೆ ಸಾಕು. ಆದರೆ ಬಾಯಿಮಾತು ನಡೆಯುವುದಿಲ್ಲ. ಬೆಳೆ ನಮೂದಾದ ಪಹಣಿ, ಮಂಡಿಯ ಪಟ್ಟಿ, ಹಣ ಕಟ್ಟಿದ ದಿನದ ರಸೀತಿ ಒಂದಕ್ಕೊಂದು ಹೊಂದಬೇಕು. ಎರಡು ಎಕರೆ ತೋಟದ ಪಹಣಿ ಹಿಡಿದು ಹತ್ತು ಎಕರೆಯ ಫಸಲಿನ ಹಣ ತೋರಿಸಿದರೆ ಪ್ರಶ್ನೆ ಏಳುತ್ತದೆ. ಇನ್ನೊಬ್ಬರ ತೋಟವನ್ನು ಚೇಣಿಗೆ ಹಿಡಿದವರು, ಮಧುಗಿರಿ, ಶಿರಾ ಕಡೆ ಹುಣಸೆಮರಗಳ ಫಸಲನ್ನು ಗುತ್ತಿಗೆಗೆ ಕೊಂಡು ಮಾರುವವರು ಕೃಷಿಕರ ಸಾಲಿಗೆ ಬರುವುದಿಲ್ಲ. ಮಾಲು ಹೊಲದ್ದಾದರೂ ಲಾಭ ವ್ಯಾಪಾರದ್ದು.

2025ರ ಏಪ್ರಿಲಿನಿಂದ ಬಾಡಿಗೆಯ ಟಿಡಿಎಸ್ ಮಿತಿ ತಿಂಗಳಿಗೆ 50 ಸಾವಿರಕ್ಕೆ ಏರಿದೆ. ಹನ್ನೊಂದು ಎಕರೆಯವರಿಗೆ ಇನ್ನು ಮುಂಗಡ ಕಡಿತ ಇರದೆ ಹೋಗಬಹುದು, ವರಮಾನ 4 ಲಕ್ಷದ ಒಳಗಿದ್ದರೆ ರಿಟರ್ನೂ ಬೇಡವಾಗಬಹುದು. ಆದರೆ ಆ ಮಾತನ್ನು ಹೇಳುವ ಮುಂಚೆ ಗುತ್ತಿಗೆ, ತಮ್ಮ ಬಡ್ಡಿ, ಮೈನರ್ ಮಕ್ಕಳ ಬಡ್ಡಿ ಇವಿಷ್ಟನ್ನು ಒಂದು ಹಾಳೆಯ ಮೇಲೆ ಬರೆದು ಕೂಡಬೇಕು. ಪ್ಯಾನ್ ದಾಖಲೆಯಲ್ಲಿ ಯಾರ ಮಿಂಚಂಚೆ, ಯಾರ ಮೊಬೈಲ್ ನಂಬರು ಇದೆ ಎಂದು ನೋಡಿ ಸರಿಪಡಿಸಿಕೊಳ್ಳುವ ಕೆಲಸವನ್ನು ಮನೆಯಲ್ಲಿ ಓದುತ್ತಿರುವ ಮಕ್ಕಳೇ ಮಾಡಿಕೊಡಬಹುದು. ಸೈಬರ್ ಅಂಗಡಿಯವನ ವಿಳಾಸಕ್ಕೆ ಹೋದ ನೋಟಿಸು ಕೂಡ ಕಾನೂನಿನ ಕಣ್ಣಿಗೆ ತಲುಪಿದ ನೋಟಿಸೇ.