ದೊಡ್ಡಪ್ಪನ ವೈಫೈಗೆ ಏನೇನು ಕಾಣತ್ತೆ?

ಮೈಸೂರಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದು ಓದ್ತಿರೋ ನನ್ನ ಚಿಕ್ಕಪ್ಪನ ಮಗಳು ಒಂದು ರಾತ್ರಿ ಫೋನ್ ಮಾಡಿದಳು. ಊಟಕ್ಕೆ ಕೂತಾಗ ದೊಡ್ಡಪ್ಪ, "ವೈಫೈ ನಂದು ಕಣಮ್ಮ, ಯಾರ್ಯಾರು ಏನೇನು ನೋಡ್ತೀರ ಎಲ್ಲ ನಂಗೆ ಗೊತ್ತಾಗತ್ತೆ" ಅಂದಿದ್ದರಂತೆ. ತಮಾಷೆಗೇ ಅಂದಿರಬಹುದು. ಆದರೆ ಅವಳು ಮೂರು ದಿನದಿಂದ ಮನೆಯವರಿಗೆ ಹೇಳದೆ ಒಬ್ಬ ಮನೋವೈದ್ಯರನ್ನು ಹುಡುಕ್ತಿದ್ದಳು. "ಇನ್‌ಕಾಗ್ನಿಟೋದಲ್ಲೇ ನೋಡಿದ್ದು ಅಣ್ಣ" ಅಂದಳು. ಇನ್‌ಕಾಗ್ನಿಟೋ ಫೋನಿನಲ್ಲಿ ಗುರುತು ಉಳಿಸಲ್ಲ ಅಷ್ಟೆ, ರೌಟರ್‌ಗೆ ಅದರಿಂದ ಏನೂ ವ್ಯತ್ಯಾಸ ಇಲ್ಲ.

ಏನೇನು ನೋಡಿದೆ ಅಂತ ಒಂದೊಂದಾಗಿ ಕೇಳಿದೆ. ಮೊದಲು ಗೂಗಲ್‌ನಲ್ಲಿ ಹುಡುಕಿದ್ದು. ಅಲ್ಲಿ ರೌಟರ್‌ಗೆ ಸಿಗೋದು www.google.com ಅನ್ನೋ ಹೆಸರು ಮಾತ್ರ, ಅವಳು ಟೈಪ್ ಮಾಡಿದ ಪದಗಳಲ್ಲ. ಆಮೇಲೆ ವಿಕಿಪೀಡಿಯದಲ್ಲಿ ಖಿನ್ನತೆಯ ಬಗ್ಗೆ ಓದಿದ್ದು. ಅದೂ en.wikipedia.org ಅಂತಷ್ಟೆ, ಯಾವ ಲೇಖನ ಅಂತ ತಿಳಿಯಲ್ಲ, ಯಾಕಂದ್ರೆ https ಇರುವಾಗ ಹೆಸರಿನ ಮುಂದಿನದೆಲ್ಲ ಫೋನಿಂದಲೇ ಗೂಢಲಿಪಿಯಾಗಿ ಹೋಗತ್ತೆ. ಮೂರನೆಯದು ಕ್ಲಿನಿಕ್‌ನ ಸ್ವಂತ ವೆಬ್‌ಸೈಟ್. ಇಲ್ಲೇ ತೊಂದರೆ. ಒಳಗಿನ ಪುಟ ಕಾಣದಿದ್ದರೂ ಸೈಟಿನ ಹೆಸರೇ ಎಲ್ಲ ಹೇಳಿಬಿಡತ್ತೆ. ಸೈಟ್ ತೆರೆಯೋ ಮುಂಚೆ ಫೋನು 'ಈ ಹೆಸರಿನ ವಿಳಾಸ ಎಲ್ಲಿದೆ' ಅಂತ ಸಾಮಾನ್ಯವಾಗಿ ರೌಟರನ್ನೇ ಕೇಳೋದು, ಅದೂ ಬಿಚ್ಚುಮಾತಿನಲ್ಲಿ.

ಆದರೆ ಕೇಳಿಸಿಕೊಳ್ಳೋದು ಬೇರೆ, ಬರೆದಿಡೋದು ಬೇರೆ. ಭಾನುವಾರ ವೈಫೈ ಸ್ಲೋ ಅಂತ ದೊಡ್ಡಪ್ಪನೇ ಕರೆದಿದ್ದರಿಂದ ಹೋಗಿ, ಅವರ ಎದುರಿಗೇ 192.168.1.1 ತೆರೆದೆ. ಇದ್ದದ್ದು ಫೋನುಗಳ ಹೆಸರು, ಯಾವಾಗ ಕನೆಕ್ಟ್ ಆದವು, ಯಾವುದು ಎಷ್ಟು ಡೇಟಾ ಎಳೆದಿದೆ, ಇಷ್ಟೆ. ಸೈಟುಗಳ ಪಟ್ಟಿ ಇರಲಿಲ್ಲ. ಕೆಲವು ರೌಟರ್‌ಗಳಲ್ಲಿ ಪೇರೆಂಟಲ್ ಕಂಟ್ರೋಲ್ ಆನ್ ಮಾಡಿದರೆ, ಇಲ್ಲವೇ ಡಿಎನ್‌ಎಸ್ ಜಾಗದಲ್ಲಿ ಲೆಕ್ಕ ಇಡುವ ಸೇವೆಯ ವಿಳಾಸ ಹಾಕಿದರೆ, ಸೈಟಿನ ಹೆಸರು ಸಮಯದ ಜೊತೆ ಸಿಗತ್ತೆ. ಅಲ್ಲೂ ಮೋಸ ಹೋಗೋದು ಸುಲಭ: ಆ್ಯಪ್‌ಗಳು, ಜಾಹೀರಾತುಗಳು ತಾವಾಗೇ ಕೇಳುವ ಹೆಸರುಗಳೂ ಅದೇ ಪಟ್ಟಿಗೆ ಸೇರತ್ತೆ, ಫೋನು ಜೇಬಲ್ಲೇ ಇದ್ದರೂ.

ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ 'ಪ್ರೈವೇಟ್ ಡಿಎನ್‌ಎಸ್' ಜಾಗಕ್ಕೆ dns.google ಅಂತ ಹಾಕಿದರೆ ಆ ವಿಳಾಸ ಕೇಳೋ ಮಾತೂ ಮುಚ್ಚಿಹೋಗತ್ತೆ. ಪೂರ್ತಿ ಅಲ್ಲ. ಕನೆಕ್ಷನ್ ಶುರುವಾಗುವಾಗ ಬಹಳಷ್ಟು ಸೈಟುಗಳ ಹೆಸರು ಇನ್ನೊಮ್ಮೆ ಬಿಚ್ಚಾಗಿ ಹೋಗತ್ತೆ; ಹಟ ಹಿಡಿದು ನೋಡೋರಿಗೆ ಅದು ಸಿಗತ್ತೆ. ಅದಕ್ಕೇ ಅವಳಿಗೆ ಹೇಳಿದೆ, "ಆ ಒಂದು ಸೈಟಿಗೆ ವೈಫೈ ಆಫ್ ಮಾಡು, ನಿನ್ನ ಸಿಮ್ ಡೇಟಾದಲ್ಲೇ ಅಪಾಯಿಂಟ್‌ಮೆಂಟ್ ತಗೋ."

ದೊಡ್ಡಪ್ಪ ಡೇಟಾ ಲೆಕ್ಕ ನೋಡಿ "ಯಾರಪ್ಪ ಇದು, ಇಷ್ಟೊಂದು ಎಳೀತಿರೋದು?" ಅಂದರು. ಅದು ಅವರದೇ ಟಿವಿ.