ಮೊಳೆಗೆ ನೇತುಹಾಕಿದ ಚೀಲಗಳು

ಕೆಲಸ ತಡವಾಯಿತೆಂದು ಜನ ಕೂಗಾಡುವ ದಿನ ತಡ ಆರಂಭವಾದ ದಿನವಲ್ಲ. ಅದು ಶುರುವಾಗಿ ಎಷ್ಟೋ ವಾರಗಳಾಗಿರುತ್ತವೆ. ಆ ವಾರಗಳಲ್ಲಿ ಯಾರೂ ಬೈದಿರುವುದಿಲ್ಲ, ಯಾವ ವಾಯಿದೆಯೂ ತಪ್ಪಿರುವುದಿಲ್ಲ, ಕೆಲಸ ಮಾಡುವವರು ನೆಮ್ಮದಿಯಾಗಿ ನಿದ್ದೆ ಮಾಡಿರುತ್ತಾರೆ. ನಮ್ಮ ಹಡಗಲಿ ಸೀಮೆಯ ಮಲ್ಲಿಗೆಗೆ ಮಾತ್ರ ಈ ಸೌಲಭ್ಯವಿಲ್ಲ ನೋಡಿ! ಇವತ್ತಿನ ಮೊಗ್ಗು ಇವತ್ತೇ ಹೋಗಬೇಕು, ಉಳಿದರೆ ಸಂಜೆಗೆ ಅರಳಿ ತಾನೇ ಹೇಳಿಬಿಡುತ್ತದೆ. ಬಟ್ಟೆ, ಕಾಗದ, ಅರ್ಜಿ ಇವು ಅರಳುವುದಿಲ್ಲ. ಸುಮ್ಮನೆ ಒಂದರ ಮೇಲೊಂದು ಕೂಡುತ್ತವೆ.

ಇದನ್ನು ನಾನು ಚೆನ್ನಾಗಿ ನೋಡಿದ್ದು ನಮ್ಮ ಇಟ್ಟಿಗಿಯ ಓಣಿಯಲ್ಲಿ ಬ್ಲೌಸ್ ಹೊಲಿಯುವ ಒಬ್ಬ ಹೆಣ್ಣುಮಗಳ ಮನೆಯಲ್ಲಿ. ಕೈಕೆಲಸ ಅಚ್ಚುಕಟ್ಟು. ಮಾತು ಕೊಟ್ಟರೆ 15 ದಿನಕ್ಕೆ ಕೊಡುವಾಕೆ. ಬಂದ ಬಟ್ಟೆಯನ್ನು ಅಳತೆ ಬ್ಲೌಸಿನ ಸಮೇತ ಒಂದು ಚೀಲಕ್ಕೆ ಹಾಕಿ, ಚೀಟಿ ಅಂಟಿಸಿ, ಗೋಡೆಯ ಮೊಳೆಗಳಿಗೆ ಸಾಲಾಗಿ ನೇತುಹಾಕುತ್ತಾಳೆ. ಮೊದಲು ಬಂದದ್ದು ಎಡಗಡೆ, ಕೊನೆಗೆ ಬಂದದ್ದು ಬಲಗಡೆ. ಒಂದು ವರ್ಷ ಯುಗಾದಿ ಕಳೆದು ಮದುವೆಗಳು ಜೋರಾದಾಗ ಅವಳ ಬಾಗಿಲಲ್ಲಿ ನಾಲ್ಕು ಜನ ನಿಂತು ಜಗಳ ತೆಗೆದರು. ಆಕೆ ನನ್ನ ಮುಂದೆ ಕಣ್ಣೀರು ಹಾಕಿದಳು. “ಅಕ್ಕಾರ, ನಾ ಏನು ಕಡಿಮಿ ಹೊಲದೇನ್ರಿ? ದಿನಾ ನಾಕು ಹೊಲದೀನಿ. ಹೋದ ವಾರದ ತನಕ ಎಲ್ಲಾ ಬರೋಬ್ಬರಿ ಇತ್ತು. ಒಮ್ಮೆಲೇ ಹಿಂಗಾತು.”

ಒಮ್ಮೆಲೇ ಆಗಿರಲಿಲ್ಲ. ಅವಳ ಹತ್ತಿರ ಅಳತೆ ಬರೆಯುವ ಒಂದು ನೋಟ್‌ಬುಕ್ಕಿತ್ತು. ಅದರಲ್ಲಿ ಬಂದ ತಾರೀಖು, ಕೊಟ್ಟ ತಾರೀಖು ಎರಡೂ ಇದ್ದವು. ಮೂವತ್ತು ವರ್ಷ ಮಕ್ಕಳಿಗೆ ಕೂಡಿಸುವುದು ಕಳೆಯುವುದು ಹೇಳಿಕೊಟ್ಟ ಕೈ ಸುಮ್ಮನಿರಲಿಲ್ಲ. ಇಬ್ಬರೂ ಕೂತು ಶಿವರಾತ್ರಿಯ ನಂತರದ ವಾರಗಳನ್ನು ಬಿಡಿಸಿದೆವು. ಲೆಕ್ಕ ಹೀಗಿತ್ತು. ಶುರುವಿಗೆ ಗೋಡೆಯ ಮೇಲೆ 20 ಚೀಲ. ಮೊದಲ ವಾರ 26 ಬಂದವು, ದಿನಕ್ಕೆ ನಾಲ್ಕರಂತೆ ಆರು ದಿನ ಹೊಲಿದು 24 ಕೊಟ್ಟಳು, ಉಳಿದದ್ದು 22. ಎರಡನೇ ವಾರ 30 ಬಂದವು, 24 ಹೋದವು, ಉಳಿದದ್ದು 28. ಮೂರನೇ ವಾರ 34 ಬಂದವು, 24 ಹೋದವು, ಉಳಿದದ್ದು 38. ನಾಲ್ಕನೇ ವಾರ 36 ಬಂದವು, ಹೋದದ್ದು ಅದೇ 24, ಉಳಿದದ್ದು 50. ಐದನೇ ವಾರವೂ 36 ಬಂದು, ಗೋಡೆಯ ಮೇಲೆ 62 ಆದವು.

ಅವಳು ಹೇಳಿದ್ದು ಸುಳ್ಳಲ್ಲ. ಒಂದು ವಾರವೂ ಅವಳು ಕಡಿಮೆ ಹೊಲಿದಿಲ್ಲ. ಆದರೆ ಹೊಲಿದದ್ದನ್ನಷ್ಟೇ ಎಣಿಸಿದರೆ ಪ್ರಯೋಜನವಿಲ್ಲ. ಬಂದದ್ದು, ಹೋದದ್ದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಉಳಿದದ್ದು ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಬೇಕು.

ಈಗ ಸ್ವಲ್ಪ ನಿಧಾನವಾಗಿ ಓದಿ, ಇಲ್ಲಿಯೇ ವಿಷಯವಿರುವುದು. ಇವತ್ತು ಬಂದ ಬ್ಲೌಸ್ ಯಾವಾಗ ಸಿದ್ಧವಾಗುತ್ತದೆ? ಅದರ ಎಡಗಡೆ ನೇತಾಡುವ ಚೀಲಗಳೆಲ್ಲ ಮುಗಿದ ಮೇಲೆ. ವಾರಕ್ಕೆ 24 ಹೊಲಿಯುವಾಕೆಗೆ 15 ದಿನದಲ್ಲಿ ಮುಗಿಯುವುದು ಸುಮಾರು 51. ಅಂದರೆ ಗೋಡೆಯ ಮೇಲೆ 51 ಚೀಲ ಇರುವವರೆಗೆ ‘15 ದಿನ’ ಎಂಬ ಮಾತು ಸತ್ಯ. ಐವತ್ತೆರಡನೇ ಚೀಲ ನೇತುಹಾಕಿದ ಕ್ಷಣ ಅದು ಸುಳ್ಳು. ನಾಲ್ಕನೇ ವಾರದ ಕೊನೆಗೆ 50 ಇದ್ದವು, ಅಂಚಿಗೆ ಬಂದಾಗಿತ್ತು. ಐದನೇ ವಾರ ಬಂದವರಿಗೆ ಅವಳು ಎಂದಿನಂತೆ ನಗುತ್ತ ‘15 ದಿನ’ ಎಂದಳು. 62 ಚೀಲ ಮುಗಿಯಲು 18 ದಿನ ಬೇಕು. ಆದರೆ ಐದನೇ ವಾರ ಯಾರೂ ಜಗಳಕ್ಕೆ ಬರಲಿಲ್ಲ. ಆರನೇ ವಾರವೂ ಬರಲಿಲ್ಲ. ಆ ವಾರಗಳಲ್ಲಿ ಕೈಗೆ ಬಟ್ಟೆ ಪಡೆದವರು ಹಿಂದೆ ಗೋಡೆ ಹಗುರವಾಗಿದ್ದಾಗ ಕೊಟ್ಟವರು. ಏಳನೇ ವಾರ ಐದನೇ ವಾರದವರ ವಾಯಿದೆ ಬಂತು, ಬಾಗಿಲಲ್ಲಿ ಗದ್ದಲವಾಯಿತು.

ಹಾಗಾದರೆ ಯಾವಾಗ ತಿಳಿಯಬಹುದಿತ್ತು? ಮೂರನೇ ವಾರದ ಶನಿವಾರ ರಾತ್ರಿ. ಅಂದು ಉಳಿದದ್ದು 38, ಮಿತಿ 51, ನಡುವೆ ಇರುವ ಜಾಗ 13. ಆ ವಾರ ಏರಿದ್ದು 10. ಒಂದು ವಾರ, ಮೇಲೆ ಎರಡು ಮೂರು ದಿನ, ಅಷ್ಟರಲ್ಲಿ ಜಾಗ ತುಂಬುತ್ತದೆಂದು ಬೆರಳಲ್ಲೇ ಎಣಿಸಬಹುದು. ಜಗಳಕ್ಕೆ ಇನ್ನೂ ಒಂದು ತಿಂಗಳಿರುವಾಗ!

ಇದು ನಮ್ಮಿಬ್ಬರ ಆವಿಷ್ಕಾರವೇನಲ್ಲ. ಸಾಲಿನಲ್ಲಿ ಇರುವವರ ಸಂಖ್ಯೆ, ಬರುವ ವೇಗ, ಕಾಯುವ ಹೊತ್ತು ಈ ಮೂರಕ್ಕೂ ಇರುವ ಸಂಬಂಧವನ್ನು ಅಮೆರಿಕದ ಜಾನ್ ಲಿಟ್ಲ್ ಎಂಬುವರು 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದರು. ಬರುವುದೂ ಹೋಗುವುದೂ ಸಮನಾಗಿರುವ ಕಡೆ ಅದು ಸಲೀಸಾಗಿ ಕೂಡುತ್ತದೆ. ಏರುತ್ತಿರುವ ಕಡೆ ಉಳಿದದ್ದನ್ನು ಹೋಗುವ ವೇಗದಿಂದ ಭಾಗಿಸಿ, ಕೊನೆಯವರ ಪಾಡು ಏನೆಂದು ನೋಡಬೇಕು.

ಮುಂದಿನ ವರ್ಷ ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಶನಿವಾರದ ಮನೆಯಲ್ಲಿ ಮೂರು ಅಂಕಿ ಬರೆಯತೊಡಗಿದಳು: ಬಂದದ್ದು, ಹೋದದ್ದು, ಉಳಿದದ್ದು. ದಿನವೂ ಬರೆಯಬೇಕಿಲ್ಲ. ಸಂತೆಯ ದಿನ ಹೆಚ್ಚು ಬರುತ್ತವೆ, ಅಮಾವಾಸ್ಯೆಗೆ ಯಾರೂ ಬರುವುದಿಲ್ಲ. ದಿನದ ಏರಿಳಿತ ನೋಡಿದರೆ ಸುಮ್ಮನೆ ಎದೆ ಹೊಡೆದುಕೊಳ್ಳುತ್ತದೆ. ವಾರಕ್ಕೊಮ್ಮೆ, ಅದೇ ಹೊತ್ತಿಗೆ ಎಣಿಸಿದರೆ ಸಾಕು. ಒಂದು ವಾರ ಏರಿದರೆ ಚಿಂತೆಯಿಲ್ಲ. ಮೂರು ವಾರ ಒಂದೇ ಸಮನೆ ಏರಿದರೆ ಕೂತು ಯೋಚಿಸಬೇಕು.

ಒಂದು ವಾರ ‘ಹೋದದ್ದು 31’ ಎಂದು ಬರೆದು ಹಿಗ್ಗಿದಳು. ನೋಡಿದರೆ ಅದರಲ್ಲಿ ಒಂಬತ್ತು ಸೀರೆಗಳ ಫಾಲ್, ಪಿಕೋ! ಅರ್ಧ ತಾಸಿನ ಕೆಲಸವನ್ನೂ ಲೈನಿಂಗ್ ಬ್ಲೌಸನ್ನೂ ಒಂದೇ ಎಂದು ಎಣಿಸಿದರೆ ಅಂಕಿ ಚಂದ ಕಾಣುತ್ತದೆ, ಎಡಗಡೆಯ ಚೀಲ ಅಲ್ಲೇ ನೇತಾಡುತ್ತಿರುತ್ತದೆ. ಅಂದಿನಿಂದ ಪಿಕೋ ಲೆಕ್ಕ ಬೇರೆ ಮಾಡಿದಳು. ಜೊತೆಗೆ, ಎಲ್ಲಕ್ಕಿಂತ ಹಳೆಯ ಚೀಲದ ತಾರೀಖನ್ನೂ ಬರೆದಿಡುವುದಾಯಿತು. ಸುಲಭದ್ದನ್ನು ಮುಂದೆ ಹಾಕಿ ಕಷ್ಟದ್ದನ್ನು ಹಿಂದೆ ತಳ್ಳುವುದು ಮನುಷ್ಯ ಸಹಜ. ಅದನ್ನು ಹಿಡಿದುಕೊಡುವುದು ಆ ತಾರೀಖೊಂದೇ.

ಮೂರನೇ ವಾರ ಗೊತ್ತಾದರೆ ಮಾಡುವುದು ಸಣ್ಣ ಕೆಲಸ. ಹುಕ್ಕು, ಕೈ ಹೊಲಿಗೆ, ಹೆಮ್ಮಿಂಗ್ ಇವನ್ನು ಪಕ್ಕದ ಮನೆಯ ಹುಡುಗಿಗೆ ವಹಿಸಿದಳು. 24 ಇದ್ದದ್ದು 30 ಆಯಿತು. ಮಿಕ್ಕ ಆರು ಮಂದಿಗೆ, “ಈಗ ಬ್ಯಾಡ್ರಿ, 25 ದಿನ ಆಕ್ಕೈತಿ, ನಡಿತದಂದ್ರ ಕೊಟ್ಟು ಹೋಗ್ರಿ” ಎಂದು ಮೊದಲೇ ಹೇಳಿದಳು. ಕೆಲವರು ಬೇರೆಡೆ ಹೋದರು, ಕೆಲವರು ಒಪ್ಪಿದರು, ಯಾರೂ ಬೈಯಲಿಲ್ಲ.

ಏಳನೇ ವಾರ ಎಚ್ಚೆತ್ತರೆ ಏನಾಗುತ್ತದೆ? ಅಷ್ಟರಲ್ಲಿ ಗೋಡೆಯ ಮೇಲೆ 86. ಅಂದು ಅದೇ ಹುಡುಗಿಯನ್ನು ಕರೆದು 30 ಹೊಲಿದರೂ, ವಾರಕ್ಕೆ 30 ಬರುತ್ತಿದ್ದರೆ 86 ಇದ್ದದ್ದು 86ರಲ್ಲೇ ನಿಲ್ಲುತ್ತದೆ. ಬರುವುದಕ್ಕೂ ಹೋಗುವುದಕ್ಕೂ ಸಮ ಮಾಡಿದೆವೆಂದು ನೆಮ್ಮದಿಪಟ್ಟುಕೊಳ್ಳುವವರು ಇದನ್ನು ಮರೆಯುತ್ತಾರೆ. ಕೂಡಿದ್ದು ಕರಗಬೇಕಾದರೆ ಹೋಗುವುದು ಬರುವುದಕ್ಕಿಂತ ಹೆಚ್ಚಿರಬೇಕು. ಮದುವೆಗಳು ಕಡಿಮೆಯಾಗಿ ವಾರಕ್ಕೆ 20 ಬಂದರೂ, 86ರಿಂದ 51ಕ್ಕೆ ಇಳಿಯಲು ಮೂರೂವರೆ ವಾರ ಬೇಕು.

ಇದೇ ಲೆಕ್ಕ ಕಚೇರಿಗಳಿಗೂ ಹೊಂದುತ್ತದೆಂದು ನನಗೆ ಹೊಳೆದದ್ದು ಸಕಾಲದಿಂದ. ಕರ್ನಾಟಕದಲ್ಲಿ 2011ರ ಕಾಯ್ದೆಯ ಪ್ರಕಾರ ಈ ವ್ಯವಸ್ಥೆ 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಬಂತು. ಆರಂಭದಲ್ಲಿ 11 ಇಲಾಖೆಗಳ 151 ಸೇವೆಗಳು. ಅರ್ಜಿ ಕೊಟ್ಟಾಗ ಜಿ.ಎಸ್.ಸಿ. ಸಂಖ್ಯೆ ಕೊಡಬೇಕು, ಗೊತ್ತುಪಡಿಸಿದ ದಿನದೊಳಗೆ ಕೆಲಸ ಆಗಬೇಕು. ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿ ಮೀರದಷ್ಟು ಪರಿಹಾರ ಕೇಳಬಹುದು. ಒಳ್ಳೆಯದೇ. ಅರ್ಜಿಗೆ ಹುಟ್ಟಿದ ತಾರೀಖು ಸಿಕ್ಕಿತು, ಅದಕ್ಕಿಂತ ದೊಡ್ಡದು ಬೇರೆಯಿಲ್ಲ. ಆದರೆ ಅವಧಿ ಮೀರಿದ ಅರ್ಜಿಗಳ ಸಂಖ್ಯೆಯನ್ನಷ್ಟೇ ನೋಡುವ ಅಧಿಕಾರಿಯ ಪಾಡು ನಮ್ಮ ಹೊಲಿಗೆಯಾಕೆಯ ಆರನೇ ವಾರದಂತೆ.

ಜೂನ್ ತಿಂಗಳು ಶಾಲೆ ತೆರೆಯುವಾಗ ಜಾತಿ, ಆದಾಯದ ಪ್ರಮಾಣಪತ್ರಕ್ಕೆ ತಾಯಂದಿರು ಓಡಾಡುವುದು ನಿಮಗೆ ಗೊತ್ತೇ ಇದೆ. ಒಂದು ಕಚೇರಿಯನ್ನು ಊಹಿಸಿಕೊಳ್ಳಿ. ಗಡುವು 21 ಕೆಲಸದ ದಿನ ಎಂದಿಟ್ಟುಕೊಳ್ಳಿ. ದಿನಕ್ಕೆ 40 ಅರ್ಜಿ ಮುಗಿಯುತ್ತವೆ, 60 ಬರುತ್ತವೆ, ಶುರುವಿಗೆ ಬಾಕಿ 300. ಮಿತಿ 840. ದಿನಕ್ಕೆ 20ರಂತೆ ಏರಿದರೆ ಮಿತಿ ಮುಟ್ಟಲು 27 ದಿನ. ಅಂದು ಬಂದ ಅರ್ಜಿಯ ಗಡುವು ತಪ್ಪುವುದು ಮತ್ತೆ 21 ದಿನದ ಮೇಲೆ. 48 ಕೆಲಸದ ದಿನ, ಎಂದರೆ ಎರಡು ತಿಂಗಳ ಹತ್ತಿರ, ‘ಅವಧಿ ಮೀರಿದ್ದು: 0’ ಎಂದೇ ಪಟ್ಟಿ ಹೇಳುತ್ತಿರುತ್ತದೆ. ಅಷ್ಟರಲ್ಲಿ ಮಕ್ಕಳ ವಿದ್ಯಾರ್ಥಿವೇತನದ ಕೊನೆಯ ದಿನವೂ ಬಂದಿರುತ್ತದೆ. ಬಾಕಿ 300, 400, 500 ಎಂದು ಏರುತ್ತಿದ್ದದ್ದನ್ನು ಪ್ರತಿ ಸೋಮವಾರ ಬರೆದಿಟ್ಟವರಿಗೆ ಮೂರನೇ ಸೋಮವಾರವೇ ಗೊತ್ತಾಗುತ್ತಿತ್ತು, ಇನ್ನೊಬ್ಬರನ್ನು ಆ ಮೇಜಿಗೆ ಹಾಕಬೇಕೆಂದು.

ಕಚೇರಿಯಲ್ಲಿ ಇನ್ನೆರಡು ಮರೆಗಳಿವೆ. ‘ಸರ್ವರ್ ಇಲ್ಲ, ನಾಳೆ ಬರ್ರಿ’ ಎಂದು ಕಳಿಸಿದವರು ಬಂದ ಲೆಕ್ಕಕ್ಕೆ ಸೇರುವುದಿಲ್ಲ. ಅವರು ಗೋಡೆಯ ಮೇಲಿಲ್ಲ, ಗೋಡೆಯ ಹೊರಗೆ ಬೇವಿನ ಮರದ ಕೆಳಗಿದ್ದಾರೆ. ಸಣ್ಣ ಕೊರತೆ ತೋರಿಸಿ ವಾಪಸು ಮಾಡಿದ ಅರ್ಜಿ ಹೋದ ಲೆಕ್ಕಕ್ಕೆ ಸೇರುತ್ತದೆ, ಎರಡು ದಿನ ಬಿಟ್ಟು ಹೊಸ ಸಂಖ್ಯೆ ಹೊತ್ತು ಮತ್ತೆ ಬರುತ್ತದೆ. ಆದ್ದರಿಂದ ಕೊಟ್ಟ ಪ್ರಮಾಣಪತ್ರ ಎಷ್ಟು, ವಾಪಸು ಮಾಡಿದ್ದೆಷ್ಟು ಎಂದು ಬೇರೆ ಬೇರೆ ಕೇಳಬೇಕು.

ನಮ್ಮ ಮಕ್ಕಳ ತಾಯಂದಿರ ಪರವಾಗಿ ಕಿಟಕಿಯ ಮುಂದೆ ನಿಂತಾಗ ನಾನೀಗ ‘ನಮ್ಮದು ಯಾವಾಗ ಆಗುತ್ತದೆ’ ಎಂದು ಕೇಳುವುದಿಲ್ಲ. ಕೇಳಿದರೆ ‘ಆಗ್ತದ ಮೇಡಂ’ ಎಂಬ ಉತ್ತರ ಸಿದ್ಧವಾಗಿರುತ್ತದೆ. “ಹೋದ ಸೋಮವಾರ ಬಾಕಿ ಎಷ್ಟಿತ್ತಪ್ಪ, ಇವತ್ತು ಎಷ್ಟೈತಿ?” ಎಂದು ಕೇಳುತ್ತೇನೆ. ಮೊದಲ ಸಲ ಆ ಹುಡುಗ ನನ್ನ ಮುಖ ನೋಡಿದ. ಎರಡನೇ ಸಲ ಒಳಗೆ ಹೋಗಿ ನೋಡಿಕೊಂಡು ಬಂದು ಹೇಳಿದ.