‘ಪ್ರಿಯ ಪಾಲುದಾರರೇ’ ಅಂದರೆ ಯಾರು?

ಉಲ್ಲಾಳ ಮುಖ್ಯರಸ್ತೆಯಲ್ಲಿ ನಮ್ಮ ಮಾಮು ಒಂದು ಹಾಸಿಗೆ ಕಂಪನಿಯ ಏಜೆಂಟ್. (ಇದು ಬೆಂಗಳೂರಿನ ಉಲ್ಲಾಳ, ಮಂಗಳೂರಿನ ಉಳ್ಳಾಲವಲ್ಲ.) ಮಾಗಡಿ, ರಾಮನಗರ, ಚನ್ನಪಟ್ಟಣದ ಚಿಕ್ಕ ಅಂಗಡಿಗಳಿಂದ ಅವರು ಆರ್ಡರ್ ಹಿಡಿಯುತ್ತಾರೆ, ಕಂಪನಿ ನೇರವಾಗಿ ಬಿಲ್ ಮಾಡುತ್ತದೆ. ಈಚೆಗೆ ಹಣ ಕಟ್ಟುವ ಹೊಸ ನಿಯಮದ ಬಗ್ಗೆ ಕಂಪನಿಯಿಂದ ಇಂಗ್ಲಿಷ್ ಇಮೇಲ್ ಬಂತು. ಜೊತೆಗೆ ಅವರೇ ಮಾಡಿಸಿದ ಕನ್ನಡ ಅನುವಾದವೂ ಇತ್ತು. ಮಾಮು ಅದನ್ನು ಹಾಗೆಯೇ ಎಲ್ಲರಿಗೂ ವಾಟ್ಸ್‌ಆ್ಯಪ್ ಮಾಡಿದರು. ಸಂಜೆಯೊಳಗೆ ಫೋನ್ ಶುರುವಾಯಿತು. “ಭಾಯ್, ರಿಯಾಯಿತಿ ನಿಲ್ಲಿಸಿಬಿಟ್ರಂತೆ?” ಎಂದು ಒಬ್ಬರು ಕೇಳಿದರೆ, “ನಾವು ಯಾವಾಗ ಪಾಲುದಾರರಾದ್ವಿ?” ಎಂದು ಇನ್ನೊಬ್ಬರು ನಕ್ಕರು. ಹೊಸದಾಗಿ ಬರೆಯುವ ಕೆಲಸ ನನಗೆ ಬಿತ್ತು.

ನಕ್ಕವರ ಮಾತಿನಲ್ಲಿ ಅರ್ಥವಿತ್ತು. ‘ಡಿಯರ್ ಪಾರ್ಟ್ನರ್’ ಎನ್ನುವುದು ಇಂಗ್ಲಿಷಿನಲ್ಲಿ ಬರೀ ಸೌಜನ್ಯ. ಆದರೆ ಕನ್ನಡದಲ್ಲಿ ಪಾಲುದಾರ ಎಂದರೆ ಲಾಭ ನಷ್ಟ ಹಂಚಿಕೊಳ್ಳುವವನು. 1932ರ ಪಾಲುದಾರಿಕೆ ಕಾಯಿದೆ ಹೇಳುವುದೂ ಅಂಥವನ ಬಗ್ಗೆಯೇ. ‘ಪ್ರಿಯ’ ಎಂದು ನಮ್ಮ ಅಂಗಡಿಯವರು ಯಾರೂ ಯಾರಿಗೂ ಬರೆಯುವುದಿಲ್ಲ. ಎರಡನ್ನೂ ತೆಗೆದು ‘ಮಾನ್ಯರೇ’ ಎಂದು ಹಾಕಿದೆ.

ದೊಡ್ಡ ಗೊಂದಲ ಎಬ್ಬಿಸಿದ ವಾಕ್ಯ ಇದು: “ಇನ್‌ವಾಯ್ಸ್‌ನ ದಿನಾಂಕದಿಂದ ಹತ್ತು ದಿನಗಳ ಒಳಗೆ ಪಾವತಿಯು ನಮ್ಮಿಂದ ಸ್ವೀಕರಿಸಲ್ಪಡದ ಹೊರತು ಎರಡು ಶೇಕಡಾ ನಗದು ರಿಯಾಯಿತಿಯು ಅನುಮತಿಸಲ್ಪಡುವುದಿಲ್ಲ.” ವ್ಯಾಕರಣದಲ್ಲಿ ತಪ್ಪಿಲ್ಲ ಎಂದೇ ಇಟ್ಟುಕೊಳ್ಳೋಣ. ಆದರೂ ‘ಪಡದ ಹೊರತು’ ಒಂದು ಸಲ, ‘ಪಡುವುದಿಲ್ಲ’ ಇನ್ನೊಂದು ಸಲ, ಹೀಗೆ ಎರಡು ‘ಇಲ್ಲ’ಗಳನ್ನು ದಾಟುವಷ್ಟರಲ್ಲಿ ಓದುವವರ ಮನಸ್ಸಿನಲ್ಲಿ ಉಳಿಯುವುದು ಕೊನೆಯ ‘ಇಲ್ಲ’ ಮಾತ್ರ.

ಇದಕ್ಕೆ ದಾರಿ ನನಗೆ ಸಿಕ್ಕಿದ್ದು ಮನೆಯ ಉರ್ದುವಿನಲ್ಲಿ. ಅಮ್ಮಿಗೆ ಆ ನಿಯಮವನ್ನು ಬಾಯಲ್ಲಿ ಹೇಳಿದೆ: “ದಸ್ ದಿನ್ ಮೆ ಪೈಸೆ ಆಯೆ ತೋ ಡಿಸ್ಕೌಂಟ್, ನೈ ತೋ ನೈ.” ಉರ್ದುವಿನಲ್ಲೂ ಕನ್ನಡದಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ. ಷರತ್ತು ಮೊದಲು, ಫಲ ಆಮೇಲೆ. ಇಂಗ್ಲಿಷಿನ ‘ಅನ್‌ಲೆಸ್’ ಅನ್ನು ‘ಹೊರತು’ ಎಂದು ಎಳೆದು ತರುವ ಬದಲು ‘ಬಂದರೆ’ ಎಂದರೆ ಸಾಕು. ‘ಸ್ವೀಕರಿಸಲ್ಪಡು’ ಕೂಡ ಹೋಗುತ್ತದೆ, ಏಕೆಂದರೆ ಹಣ ‘ಬರುತ್ತದೆ’, ಅಷ್ಟೆ. ಜೊತೆಗೆ ಒಂದು ಲೆಕ್ಕವನ್ನೂ ಸೇರಿಸಿದೆ:

“ಬಿಲ್ ಆದ ಹತ್ತು ದಿನದೊಳಗೆ ಹಣ ಬಂದರೆ 2% ರಿಯಾಯಿತಿ ಸಿಗುತ್ತದೆ. ಉದಾಹರಣೆಗೆ, ಜೂನ್ 5ರ ಬಿಲ್ ₹50,000 ಇದ್ದರೆ ಜೂನ್ 15ರೊಳಗೆ ₹49,000 ಕಟ್ಟಿದರೆ ಸಾಕು. ಆಮೇಲೆ ಕಟ್ಟುವವರು ಜುಲೈ 5ರೊಳಗೆ ಪೂರ್ತಿ ₹50,000 ಕಟ್ಟಬೇಕು.”

ಆಮೇಲೆ ‘ಕ್ರೆಡಿಟ್’ ಎಂಬ ಪದ. ಇಮೇಲ್‌ನಲ್ಲಿ ಅದು ಮೂರು ಕಡೆ ಇತ್ತು, ಅನುವಾದದಲ್ಲಿ ಮೂರೂ ಕಡೆ ‘ಸಾಲ’ ಎಂದಾಗಿತ್ತು. ‘ಕ್ರೆಡಿಟ್ ಪೀರಿಯಡ್’ಗೆ ‘ಸಾಲದ ಅವಧಿ’ ಸರಿಯೇ. ಆದರೆ ಹಣ ಖಾತೆಗೆ ಕ್ರೆಡಿಟ್ ಆಗುವುದೆಂದರೆ ಜಮಾ ಆಗುವುದು. ಹಾಳಾದ ಮಾಲು ವಾಪಸ್ ಮಾಡಿದಾಗ ಕೊಡುವ ಕ್ರೆಡಿಟ್ ನೋಟನ್ನು ‘ಸಾಲದ ಚೀಟಿ’ ಎಂದರೆ ಅಂಗಡಿಯವರು ಹೆದರಿಬಿಡುತ್ತಾರೆ, ತಾವೇ ಸಾಲಗಾರರಾದೆವು ಎಂದುಕೊಳ್ಳುತ್ತಾರೆ. ಅದನ್ನು ಎಲ್ಲರೂ ‘ಕ್ರೆಡಿಟ್ ನೋಟ್’ ಎಂದೇ ಕರೆಯುವುದರಿಂದ ಹಾಗೆಯೇ ಬಿಟ್ಟೆ.

ಇಲ್ಲಿ ನನಗೆ ಖುಷಿ ಕೊಟ್ಟ ಸಂಗತಿ ಒಂದಿದೆ. ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ, ನಗದು, ಕರಾರು, ತಾರೀಖು ಇವೆಲ್ಲ ಅರಬ್ಬಿ, ಪಾರಸಿಯಿಂದ ಕನ್ನಡಕ್ಕೆ ಬಂದ ಪದಗಳು. ನಮ್ಮ ಮನೆಯಲ್ಲೂ ಇವೇ ಪದಗಳು, ಮಾಗಡಿಯ ಅಂಗಡಿಯಲ್ಲೂ ಇವೇ. ಲೆಕ್ಕಶಾಸ್ತ್ರದ ‘ಆಖೈರು ಶಿಲ್ಕು’ ಮೊದಲ ಸಲ ಕೇಳಿದಾಗಲೇ ಅದರಲ್ಲಿ ನಮ್ಮ ‘ಆಖಿರ್’ ಇದೆ ಎಂದು ನನಗೆ ಗೊತ್ತಾಗಿತ್ತು. ‘ಬಾಕಿ’ ಎಂಬ ಎರಡಕ್ಷರ ಇರುವಾಗ ‘ಪಾವತಿಸಲ್ಪಡದೆ ಉಳಿದಿರುವ ಮೊತ್ತ’ ಏಕೆ ಬೇಕು?

‘ಕೈಂಡ್ಲಿ ಡೂ ದಿ ನೀಡ್‌ಫುಲ್ ಅಂಡ್ ರಿವರ್ಟ್’ ಎಂಬುದು ‘ದಯವಿಟ್ಟು ಅಗತ್ಯವಾದುದನ್ನು ಮಾಡಿ ಹಿಂದಿರುಗಿ’ ಆಗಿತ್ತು. ಎಲ್ಲಿಗೆ ಹಿಂದಿರುಗಬೇಕೋ! ಏನು ಅಗತ್ಯ ಎಂದು ಇಂಗ್ಲಿಷೂ ಹೇಳಿರಲಿಲ್ಲ. ಮಾಮುವನ್ನು ಕೇಳಿ, “ಹಣ ಕಟ್ಟಿದ ಮೇಲೆ ಯುಟಿಆರ್ ನಂಬರನ್ನು ಇದೇ ವಾಟ್ಸ್‌ಆ್ಯಪ್‌ಗೆ ಕಳುಹಿಸಿ” ಎಂದು ಬರೆದೆ.

ಹತ್ತು ದಿನ ಎಂದರೆ ಬಿಲ್ ಆದ ದಿನವೂ ಸೇರಿಯೋ, ಬಿಟ್ಟೋ? ಇದು ಅನುವಾದದಿಂದ ಬಗೆಹರಿಯುವ ಪ್ರಶ್ನೆಯಲ್ಲ. ಇಂಗ್ಲಿಷಿನಲ್ಲೇ ಅದು ಸ್ಪಷ್ಟವಿರಲಿಲ್ಲ. ಒಂದು ದಿನದ ವ್ಯತ್ಯಾಸಕ್ಕೆ ಅಂಗಡಿಯವರ ಸಾವಿರ ರೂಪಾಯಿ ಹೋಗುತ್ತದೆ. ಹಾಗಾಗಿ ಕಳುಹಿಸುವ ಮುಂಚೆ ಮಾಮು ಕಂಪನಿಗೆ ಫೋನ್ ಮಾಡಿದರು. ಬಿಲ್ ದಿನ ಬಿಟ್ಟು ಎಣಿಸಬೇಕು, ಹತ್ತನೇ ದಿನ ರಾತ್ರಿಯವರೆಗೆ ಬಂದ ಹಣಕ್ಕೂ ರಿಯಾಯಿತಿ ಉಂಟು ಎಂದರು. ಆ ಸಾಲನ್ನೂ ಸೇರಿಸಿ, ಕೆಳಗೆ ಮೂಲ ಇಂಗ್ಲಿಷ್ ಪತ್ರವನ್ನು ಲಗತ್ತಿಸಿ ಎಲ್ಲರಿಗೂ ಕಳುಹಿಸಿದೆವು.